ಪದಚರ್ಚೆ: ‘ಬಂಡಾಯ ದಮನ’ ಸರಿಯಾ? ‘ಮನ ಗೆಲ್ಲುವುದು’ ಸರಿಯಾ?

ಶೈಲಜಾ:
ಎಲ್ಲರಿಗೂ ನಮಸ್ಕಾರ. ಈಗ ಮಲೇಷ್ಯಾದ ಭಾಗವಾಗಿರುವ ಮಲಯಾದಲ್ಲಿ 1948ರಿಂದ 1960ರವರೆಗೆ ಬ್ರಿಟಿಷರಿಗೂ ಕಮ್ಯುನಿಸ್ಟ್ ಗೆರಿಲ್ಲಾಗಳಿಗೂ ನಡೆದ ಕಾಳಗದ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೌಂಟರ್‌ಇನ್ಸರ್ಜೆನ್ಸಿ ಅನ್ನುವ ಕಡೆ ‘ಬಂಡಾಯ ದಮನ’ ಅಂತ ಹಾಕಿದೆ. ದಮನ ಅಂದರೆ ಹೊಡೆದು ಅಡಗಿಸುವುದು. ಲೇಖನ ಹೇಳುವುದು ಅದಕ್ಕೆ ತದ್ವಿರುದ್ಧ: ಬಾಂಬಿಗಿಂತ ಊರವರ ಬೆಂಬಲವೇ ಜಾಸ್ತಿ ಕೆಲಸ ಮಾಡಿತು ಅಂತ. ‘ಹಾರ್ಟ್ಸ್ ಅಂಡ್ ಮೈಂಡ್ಸ್’ ಬಂದಲ್ಲೆಲ್ಲ ‘ಮನ ಗೆಲ್ಲುವುದು’ ಅಂದಿದ್ದೇನೆ. ಸರಿ ಹೋಗುತ್ತದಾ?

ಗೋಪಾಲ:
ಬಂಡಾಯ ಅಂದಕೂಡಲೇ ಕನ್ನಡದವರಿಗೆ ನೆನಪಾಗುವುದು ಬಂಡಾಯ ಸಾಹಿತ್ಯ. ಅದನ್ನು ಯಾರೂ ದಮನ ಮಾಡಲಿಲ್ಲ, ತಾನಾಗಿಯೇ ತಣ್ಣಗಾಯಿತು. ಶೀರ್ಷಿಕೆ ನೋಡಿ ಆ ಚರ್ಚೆ ಅಂದುಕೊಂಡು ಬಂದೆ!

ಮಂಜುನಾಥ:
‘ಮನ ಗೆಲ್ಲುವುದು’ ಚೆನ್ನಾಗಿದೆ, ಬದಲಿಸಬೇಡಿ. 1952ರಲ್ಲಿ ಬಂದ ಹೈಕಮಿಷನರ್ ಟೆಂಪ್ಲರ್ ಹೇಳಿದ್ದೇ ಅದು. ಕಾಡಿಗೆ ಇನ್ನಷ್ಟು ಸೈನಿಕರನ್ನು ನುಗ್ಗಿಸಿದರೆ ಆಗುವುದಿಲ್ಲ, ಉತ್ತರ ಇರುವುದು ಜನರ ಮನಸ್ಸಿನಲ್ಲಿ ಅಂತ. ಬಂದೂಕು ಬದಿಗಿಟ್ಟು ಪ್ರೀತಿಯಿಂದ ಗೆದ್ದ ಮನುಷ್ಯ.

ವಸಂತಾ:
ಮಂಜುನಾಥ್ ಅವರೇ, ಮಾತು ಅವನದೇ, ಆದರೆ ಬಂದೂಕು ಬದಿಗಿಡಲಿಲ್ಲ. ಅವನು ಬಂದ ಮರುತಿಂಗಳೇ ತಂಜೊಂಗ್ ಮಾಲಿಮ್ ಹತ್ತಿರ ಗೆರಿಲ್ಲಾಗಳು ಹೊಂಚುಹಾಕಿ ಹನ್ನೆರಡು ಜನರನ್ನು ಕೊಂದರು. ಟೆಂಪ್ಲರ್ ಇಡೀ ಊರಿಗೆ ದಿನಕ್ಕೆ 22 ಗಂಟೆ ಕರ್ಫ್ಯೂ ಹಾಕಿದ, ಅಕ್ಕಿ ಪಡಿತರ ಕತ್ತರಿಸಿದ. ಆಮೇಲೆ ಮನೆಮನೆಗೆ ಒಂದೊಂದು ಹಾಳೆ ಹಂಚಿಸಿದ. ಗೆರಿಲ್ಲಾಗಳ ಬಗ್ಗೆ ಗೊತ್ತಿದ್ದದ್ದನ್ನು ಹೆಸರಿಲ್ಲದೆ ಬರೆದು ಬೀಗ ಹಾಕಿದ ಪೆಟ್ಟಿಗೆಗೆ ಹಾಕಬೇಕು. ಪೆಟ್ಟಿಗೆಗಳನ್ನು ಕ್ವಾಲಾಲಂಪುರಕ್ಕೆ ಒಯ್ದು, ಊರಿನ ಪ್ರತಿನಿಧಿಗಳ ಎದುರಿಗೇ ತೆರೆದರು. ಶಿಕ್ಷೆ ಕ್ರೂರವಾಗಿತ್ತು, ಅನ್ಯಾಯವೂ ಹೌದು. ಆದರೆ ಆ ಪೆಟ್ಟಿಗೆಯ ಉಪಾಯ ನೋಡಿ: ಯಾರು ಬಾಯಿಬಿಟ್ಟರು ಅಂತ ಪಕ್ಕದ ಮನೆಯವರಿಗೂ ತಿಳಿಯುವಂತಿಲ್ಲ.

ಇಡೀ ಕಾಳಗದ ತಿರುಳು ಅಲ್ಲೇ ಇದೆ ಅಂತ ನನ್ನ ಲೆಕ್ಕ. ವಾಯುಪಡೆ ದಟ್ಟ ಕಾಡಿನ ಮೇಲೆ ಟನ್‌ಗಟ್ಟಲೆ ಬಾಂಬು ಸುರಿಯಿತು, ಸಿಕ್ಕಿದ್ದು ಅತ್ಯಲ್ಪ. ಎಲ್ಲಿ ಹಾಕಬೇಕು ಅಂತ ಹೇಳುವವರೇ ಇರಲಿಲ್ಲ ಅಲ್ವಾ? ಗೆರಿಲ್ಲಾಗಳಿಗೆ ಅಕ್ಕಿ, ಔಷಧಿ, ಸುದ್ದಿ ತಲುಪುತ್ತಿದ್ದದ್ದು ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಚೀನೀ ರೈತರಿಂದ. ಕೆಲವರು ಇಷ್ಟಪಟ್ಟು ಕೊಟ್ಟರು, ಕೆಲವರು ರಾತ್ರಿ ಬಾಗಿಲು ಬಡಿದವರಿಗೆ ಹೆದರಿ ಕೊಟ್ಟರು. 1950ರ ಬ್ರಿಗ್ಸ್ ಯೋಜನೆಯಲ್ಲಿ ಸುಮಾರು ಐದು ಲಕ್ಷ ಜನರನ್ನು ಎಬ್ಬಿಸಿ, ಮುಳ್ಳುತಂತಿ ಬೇಲಿಯ ‘ನ್ಯೂ ವಿಲೇಜ್’ಗಳಿಗೆ ಸಾಗಿಸಿದರು. ಗೇಟಿನಲ್ಲಿ ತಪಾಸಣೆ. ಅಂಗಡಿಯಲ್ಲಿ ಡಬ್ಬಿ ಆಹಾರ ಕೊಂಡರೆ ಅಲ್ಲೇ ತೂತು ಮಾಡಿ ಕೊಡುತ್ತಿದ್ದರು, ಬಹಳ ದಿನ ಇಡಬಾರದು ಅಂತ. ಕೆಲವು ಕಡೆ ಅಕ್ಕಿಯನ್ನೇ ಮಾರದೆ, ಎಲ್ಲರಿಗೂ ಒಂದೇ ಕಡೆ ಬೇಯಿಸಿ ಅನ್ನ ಹಂಚಿದರು. ಆ ಸೆಕೆಯಲ್ಲಿ ಅನ್ನ ಬೇಗ ಹಳಸುತ್ತದೆ, ಕಾಡಿನಲ್ಲಿ ಕೂಡಿಡಲು ಬರುವುದಿಲ್ಲ.

ಇದರ ಜೊತೆಗೆ ಕೆಲವರಿಗೆ ಜಮೀನಿನ ಹಕ್ಕು ಸಿಕ್ಕಿತು. ಪೌರತ್ವದ ನಿಯಮ ಸಡಿಲವಾಯಿತು, ಸ್ಥಳೀಯ ಚುನಾವಣೆ ಬಂತು. ಶಾಂತವಾದ ಪ್ರದೇಶಗಳಿಗೆ ‘ವೈಟ್ ಏರಿಯಾ’ ಅಂತ ಹೆಸರು ಕೊಟ್ಟು ನಿರ್ಬಂಧ ತೆಗೆದರು. 1953ರಲ್ಲಿ ಮಲಾಕ್ಕಾದಿಂದ ಶುರು. 1957ರಲ್ಲಿ ಸ್ವಾತಂತ್ರ್ಯವೇ ಬಂದ ಮೇಲೆ ಗೆರಿಲ್ಲಾಗಳ ವಾದಕ್ಕೆ ಬುಡವೇ ಉಳಿಯಲಿಲ್ಲ.

ಹಾಗಾಗಿ ‘ಮನ ಗೆಲ್ಲುವುದು’ ಸ್ವಲ್ಪ ಸಿಹಿ ಜಾಸ್ತಿ. ‘ಸಹಕಾರ’ ಅನ್ನಿ. ಮನಸ್ಸಿಲ್ಲದೆಯೂ ಸಹಕಾರ ಕೊಡಬಹುದು. ದಮನದ ಬದಲು ‘ನಿಗ್ರಹ’ ಇರಲಿ.

ನಂಜಪ್ಪ:
ನಾನು ಸೇನೆಯಲ್ಲಿದ್ದವನು. ಕೌಂಟರ್‌ಇನ್ಸರ್ಜೆನ್ಸಿ ಅನ್ನುವುದು ನಮ್ಮ ಬಾಯಲ್ಲಿ ಬರೀ ‘ಸಿಐ ಡ್ಯೂಟಿ’. ನಾವು ವೈದ್ಯಕೀಯ ಶಿಬಿರ ಮಾಡಿದರೆ ಊರವರು ಬಂದು ಮಾತ್ರೆ ತಗೊಳ್ಳುತ್ತಿದ್ದರು, ಒಂದು ಮಾತೂ ಆಡುತ್ತಿರಲಿಲ್ಲ. ಸಂಜೆ ಐದಕ್ಕೆ ನಾವು ಹೊರಟುಬಿಡುತ್ತೇವೆ, ರಾತ್ರಿ ಬರುವವರು ಬೇರೆ. ಊರ ಪಕ್ಕದಲ್ಲೇ ಪೋಸ್ಟ್ ಹಾಕಿ ತಿಂಗಳುಗಟ್ಟಲೆ ಕೂತ ಮೇಲೆ ಒಬ್ಬೊಬ್ಬರೇ ಮಾತಿಗೆ ಬಂದರು. ಅದಕ್ಕೆ ‘ಭರವಸೆ’ ಅನ್ನುತ್ತೇನೆ ನಾನು. ನಾಳೆಯೂ ಇವರು ಇಲ್ಲೇ ಇರುತ್ತಾರೆ ಅನ್ನುವ ಭರವಸೆ.

ಮಂಜುನಾಥ:
ಹಾಗಾದರೆ ಮಲಯಾದ್ದು ಎಲ್ಲ ಕಡೆ ನಡೆಯುವ ಸೂತ್ರ ಅಂತಾಯಿತು. ಬೇಲಿ ಹಾಕು, ಅಕ್ಕಿ ತಡೆ, ಪೋಸ್ಟ್ ಇಡು.

ವಸಂತಾ:
ಇಲ್ಲ. ಮಲಯಾದ ಗೆರಿಲ್ಲಾಗಳಲ್ಲಿ ಬಹುತೇಕರು ಚೀನೀಯರು, ಮಲಾಯ್ ಜನ ಹೆಚ್ಚಾಗಿ ಅವರ ಜೊತೆ ಹೋಗಲಿಲ್ಲ. ಹೊರಗಿನಿಂದ ಆಯುಧವೂ ಹೆಚ್ಚು ಬರಲಿಲ್ಲ. 1962ರಲ್ಲಿ ದಕ್ಷಿಣ ವಿಯೆಟ್ನಾಂನಲ್ಲಿ ಇದನ್ನೇ ನೋಡಿ ‘ಸ್ಟ್ರಾಟೆಜಿಕ್ ಹ್ಯಾಮ್ಲೆಟ್’ ಮಾಡಿದರು. ಕಾವಲು ಗಟ್ಟಿಯಾಗುವ ಮೊದಲೇ ಸಾವಿರಾರು ಹಳ್ಳಿಗಳಿಗೆ ಅವಸರದಲ್ಲಿ ಬೇಲಿ ಸುತ್ತಿದರು, ಒಳಗೇ ಅಲ್ಲಿನ ಕಮ್ಯುನಿಸ್ಟ್ ಗೆರಿಲ್ಲಾಗಳಾದ ವಿಯೆಟ್ ಕಾಂಗ್‌ನವರು ಉಳಿದರು. ಎರಡು ವರ್ಷದೊಳಗೆ ಯೋಜನೆ ಕುಸಿಯಿತು.

ಶೈಲಜಾ:
ಥ್ಯಾಂಕ್ಸ್ ಎಲ್ಲರಿಗೂ. ‘ಬಂಡಾಯ ನಿಗ್ರಹ’ ಹಾಕುತ್ತೇನೆ. ‘ಮನ ಗೆಲ್ಲುವುದು’ ಟೆಂಪ್ಲರ್‌ನ ಮಾತಿನಲ್ಲಿ ಮಾತ್ರ ಇರುತ್ತದೆ. ಉಳಿದ ಕಡೆ ಸಹಕಾರವೋ ಭರವಸೆಯೋ, ಸಂದರ್ಭ ನೋಡಿ ಆರಿಸುತ್ತೇನೆ. ಇನ್ನೊಂದು ಉಳಿಯಿತು: ‘ನ್ಯೂ ವಿಲೇಜ್’ಗೆ ‘ಹೊಸ ಹಳ್ಳಿ’ ಅಂದರೆ ಮುಳ್ಳುತಂತಿಯೇ ಕಾಣುವುದಿಲ್ಲ, ‘ಶಿಬಿರ’ ಅಂದರೆ ಜಮೀನು, ಶಾಲೆ ಕಾಣುವುದಿಲ್ಲ. ಏನು ಹೇಳಬಹುದು?

ಗೋಪಾಲ:
‘ಬೇಲಿಯೂರು’?