ಪದಚರ್ಚೆ: ಲಿವರ್ ಸೋತಾಗ ಕೈ ‘ನಡುಗುತ್ತದೆ’ ಅನ್ನಬಹುದೇ?

ವಸುಧಾ:
ಎಲ್ಲರಿಗೂ ನಮಸ್ಕಾರ. ಲಿವರ್ ಕಾಯಿಲೆಯವರ ಮನೆಯವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಲಿವರ್ ಸೋತು ಮಿದುಳಿನ ಕೆಲಸ ಕೆಡುವ ಹೆಪಾಟಿಕ್ ಎನ್ಸೆಫಲೋಪತಿಯ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಎರಡು ಪದ ಬೇಕು. ಒಂದು, ರೋಗಿಗೆ ಆಗುವ ‘ಕನ್‌ಫ್ಯೂಷನ್’. ‘ಗೊಂದಲ’ ಎಂದು ಬರೆದೆ. ಆದರೆ ಯಾವ ಬಸ್ಸು ಹತ್ತಲಿ ಅನ್ನುವುದೂ ಗೊಂದಲವೇ ಅಲ್ವಾ? ಎರಡನೆಯದು ‘ಫ್ಲ್ಯಾಪಿಂಗ್ ಟ್ರೆಮರ್’. ಕರಡಿನಲ್ಲಿ ‘ರೆಕ್ಕೆ ಬಡಿತದ ನಡುಕ’ ಎಂದಿದೆ. ಓದಿದರೆ ನಗು ಬರುತ್ತದೆ. ಇದಕ್ಕೇ ಅಸ್ಟೆರಿಕ್ಸಿಸ್ ಎಂಬ ಇನ್ನೊಂದು ಹೆಸರೂ ಇದೆಯಂತೆ.

ರಾಮರಾಯ:
ವಸುಧಾ ಅವರೇ, ಅಸ್ಟೆರಿಕ್ಸಿಸ್ ಎಂಬುದರಲ್ಲಿ ಗ್ರೀಕಿನ ‘ಅಸ್ಟರ್’ ಇದೆ, ಅಂದರೆ ನಕ್ಷತ್ರ. ನಕ್ಷತ್ರ ಮಿನುಗಿದ ಹಾಗೆ ಕೈ ಮಿನುಗುತ್ತದೆ ಎಂದು ಅರ್ಥ. ‘ತಾರಾಕಂಪ’ ಎನ್ನಬಹುದು. ಚಿಕ್ಕದಾಗಿದೆ, ಕಿವಿಗೂ ಚೆನ್ನಾಗಿದೆ. ಕನ್‌ಫ್ಯೂಷನ್‌ಗೆ ‘ಭ್ರಮೆ’ ಸಾಕು.

ಗಿರಿಜಾ:
ನಮ್ಮ ಅಮ್ಮನಿಗೂ ಕೈ ನಡುಗುತ್ತದೆ, ಎರಡು ವರ್ಷದಿಂದ. ಲೋಟ ಹಿಡಿದರೆ ತುಳುಕುತ್ತದೆ. ಮಾತು, ನೆನಪು ಎಲ್ಲ ಚೆನ್ನಾಗಿದೆ. ಇದೂ ಲಿವರಿಂದಲೇ ಇರಬಹುದಾ? ನೀವೆಲ್ಲ ಬರೆದದ್ದು ಓದಿ ಭಯ ಆಯಿತು.

ಡಾ. ಸುರೇಶ್:
ಮೊದಲು ಗಿರಿಜಾ ಅವರಿಗೆ. ಲೋಟ ಹಿಡಿದಾಗ ಒಂದೇ ಸಮನೆ ಅದುರುವ ಕೈ, ತಿಳಿಯಾದ ಬುದ್ಧಿ, ಎರಡು ವರ್ಷದ ಕಥೆ. ಇಲ್ಲಿ ಚರ್ಚೆಯಲ್ಲಿರುವುದು ಅದಲ್ಲ ಅನ್ನಿಸುತ್ತದೆ. ಆದರೂ ಕೈ ನೋಡದೆ ಏನೂ ಹೇಳಲಾರೆ. ಒಮ್ಮೆ ಡಾಕ್ಟರಿಗೆ ತೋರಿಸಿ.

ರಾಯರೇ, ಕ್ಷಮಿಸಿ, ಅದರಲ್ಲಿ ನಕ್ಷತ್ರ ಇಲ್ಲ. ಮೊದಲ ‘ಅ’ ನಮ್ಮ ‘ಅಶಾಂತಿ’ಯಲ್ಲಿರುವ ‘ಅ’ದಂತೆ ‘ಇಲ್ಲ’ ಎನ್ನುವುದು. ಉಳಿದದ್ದು ‘ಊರಿ ನಿಲ್ಲುವುದು’. ಒಟ್ಟಿಗೆ ‘ನಿಲ್ಲದಿರುವುದು’. ಆಡಮ್ಸ್ ಮತ್ತು ಫೋಲಿ ಎಂಬ ಅಮೆರಿಕದ ವೈದ್ಯರು 1950ರ ಆಸುಪಾಸಿನಲ್ಲಿ ಕಟ್ಟಿದ ಪದ. ಅವರು ಕಂಡದ್ದು ನಡುಕವನ್ನಲ್ಲ, ನಿಲುವು ತಪ್ಪುವುದನ್ನು.

ಹೇಗೆ ಅಂತ ಒಬ್ಬ ರೋಗಿಯ ಮೂಲಕ ಹೇಳುತ್ತೇನೆ. ಲಿವರ್ ಗಟ್ಟಿಯಾಗುವ ಸಿರೋಸಿಸ್ ಇದ್ದ ಒಬ್ಬರನ್ನು ಹೆಂಡತಿ ಕರೆತಂದಿದ್ದರು. ಹಗಲೆಲ್ಲ ನಿದ್ದೆ, ರಾತ್ರಿ ಓಡಾಟ. ಎರಡು ದಿನದಿಂದ ಸಹಿ ಕೆಳಗೆ ಜಾರುತ್ತಿತ್ತು. ಇವತ್ತು ಯಾವ ವಾರ ಎಂದರೆ ಯೋಚಿಸಿ, ತಪ್ಪು ಹೇಳಿದರು. ಎರಡೂ ಕೈ ಮುಂದೆ ಚಾಚಿ, ಅಂಗೈ ಎದುರಿನವರನ್ನು ತಡೆಯುವ ಹಾಗೆ ಎತ್ತಿ, ಬೆರಳು ಅಗಲಿಸಿ ಹಿಡಿಯಲು ಹೇಳಿದೆ. ಹತ್ತು ಸೆಕೆಂಡು ಏನೂ ಇಲ್ಲ. ಆಮೇಲೆ ಬಲ ಮಣಿಕಟ್ಟು ಪಟ್ ಎಂದು ಕೆಳಗೆ ಬಿತ್ತು, ತಕ್ಷಣ ಮೇಲೆದ್ದಿತು. ಸ್ವಲ್ಪ ಬಿಟ್ಟು ಎಡದ್ದು. ತಾಳ ಇಲ್ಲ, ಲಯ ಇಲ್ಲ.

ನಡುಕದಲ್ಲಿ ಸ್ನಾಯುಗಳು ಒಂದು ಲಯದಲ್ಲಿ ಎಳೆದಾಡುತ್ತವೆ. ಇಲ್ಲಿ ಆಗುವುದು ಅದರ ತಿರುವುಮುರುವು. ಹಿಡಿದ ಸ್ನಾಯು ಸೆಕೆಂಡಿನ ಹತ್ತರಲ್ಲೊಂದು ಪಾಲಿನಷ್ಟು ಹೊತ್ತು ಸುಮ್ನೆ ಆಫ್ ಆಗುತ್ತದೆ. ಕೈ ತನ್ನ ಭಾರಕ್ಕೆ ಬೀಳುತ್ತದೆ. ಬಿದ್ದದ್ದು ಗೊತ್ತಾಗಿ ಮತ್ತೆ ಎತ್ತುತ್ತದೆ. ನಮಗೆ ಬಡಿತದಂತೆ ಕಾಣುವುದು ಈ ಬೀಳು ಏಳು.

‘ರೆಕ್ಕೆ ಬಡಿತ’ ಬೇಡ ಎನ್ನಲು ಇನ್ನೊಂದು ಕಾರಣವಿದೆ. ವಿಲ್ಸನ್ ಕಾಯಿಲೆಯಲ್ಲಿ ದೇಹದಲ್ಲಿ ತಾಮ್ರ ಸೇರಿಕೊಂಡು ಲಿವರೂ ಮಿದುಳೂ ಕೆಡುತ್ತವೆ. ಅಲ್ಲಿ ಭುಜದಿಂದಲೇ ತೋಳು ಬಡಿದುಕೊಳ್ಳುವ ನಿಜವಾದ ನಡುಕ ಬರಬಹುದು. ಅದಕ್ಕೆ ವಿಂಗ್ ಬೀಟಿಂಗ್ ಎಂಬ ಹೆಸರು ಆಗಲೇ ಇದೆ. ಎರಡಕ್ಕೂ ಒಂದೇ ಕನ್ನಡ ಪದ ಬಳಸಿದರೆ ಓದುವವರ ಗತಿ ಏನು?

ವಸುಧಾ:
ಬೀಳು ಏಳು ಎಂದಾಗ ತೂಕಡಿಕೆ ನೆನಪಾಯಿತು. ಕೂತಲ್ಲೇ ತೂಕಡಿಸುವವರ ತಲೆ ಹೀಗೇ ಬಿದ್ದು ಏಳುತ್ತದೆ. ‘ಕೈ ತೂಕಡಿಕೆ’ ಆಗಬಹುದೇ? ಅಂದ ಹಾಗೆ, ಲಿವರಿಗೂ ಮಣಿಕಟ್ಟಿಗೂ ಏನು ಸಂಬಂಧ? ಮೂಲದಲ್ಲಿ ‘ವಿಷ ಮಿದುಳಿಗೆ ಏರುತ್ತದೆ’ ಎಂದಷ್ಟೇ ಇದೆ.

ಡಾ. ಸುರೇಶ್:
‘ತೂಕಡಿಕೆ’ ಚೆನ್ನಾಗಿದೆ! ನಿದ್ದೆಯಲ್ಲೂ ಆಗುವುದು ಅದೇ, ಹಿಡಿದ ಸ್ನಾಯು ಕ್ಷಣ ಬಿಡುವುದು.

‘ವಿಷ’ ಅಂದರೆ ಮುಖ್ಯವಾಗಿ ಅಮೋನಿಯಾ. ಕರುಳಿನ ಬ್ಯಾಕ್ಟೀರಿಯಾಗಳೂ ಕರುಳಿನ ಗೋಡೆಯೂ ದಿನಾ ಅದನ್ನು ಹುಟ್ಟಿಸುತ್ತವೆ. ಆರೋಗ್ಯವಾದ ಲಿವರ್ ಅದನ್ನು ಯೂರಿಯಾ ಮಾಡಿ ಮೂತ್ರದ ದಾರಿಗೆ ಕಳಿಸುತ್ತದೆ. ಸಿರೋಸಿಸ್‌ನಲ್ಲಿ ಆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಜೊತೆಗೆ, ಗಟ್ಟಿಯಾದ ಲಿವರಿನಲ್ಲಿ ಹಾದಿ ಸಿಗದ ರಕ್ತ ಅಡ್ಡದಾರಿ ಹಿಡಿದು, ಶುದ್ಧಿಯಾಗದೇ ಮಿದುಳಿಗೆ ಹೋಗುತ್ತದೆ.

ರಾಯರ ನಕ್ಷತ್ರ ಈಗ ಬರುತ್ತದೆ. ಮಿದುಳಿನಲ್ಲಿ ಅಮೋನಿಯಾವನ್ನು ತೆಗೆದುಹಾಕುವುದು ಆಸ್ಟ್ರೋಸೈಟ್ ಎಂಬ ಜೀವಕೋಶ, ನಿಜಕ್ಕೂ ನಕ್ಷತ್ರದ ಆಕಾರದ್ದು. ಅದು ಅಮೋನಿಯಾವನ್ನು ಗ್ಲುಟಮೇಟ್‌ಗೆ ಸೇರಿಸಿ ಗ್ಲುಟಮಿನ್ ಮಾಡುತ್ತದೆ. ಗ್ಲುಟಮಿನ್ ಜಾಸ್ತಿಯಾದಂತೆ ನೀರು ಒಳಗೆ ನುಗ್ಗಿ ಕೋಶ ಊದುತ್ತದೆ. ಊದಿದ ಕೋಶ ನರಗಳ ಸುತ್ತಲಿನ ರಾಸಾಯನಿಕಗಳನ್ನು ಸರಿಯಾಗಿ ನೋಡಿಕೊಳ್ಳಲಾರದು. ಮಿದುಳಿಗೆ ಬ್ರೇಕಿನಂತಿರುವ ಗಾಬಾ ಎಂಬ ರಾಸಾಯನಿಕದ ಪ್ರಭಾವವೂ ಹೆಚ್ಚುತ್ತದೆ. ಮಂಕು ಬರುವುದು ಹೀಗೆ. ಕೈ ಎತ್ತಿ ಹಿಡಿಯಿರಿ ಎಂಬ ಆಜ್ಞೆ ನಡುನಡುವೆ ಕಡಿಯುವುದೂ ಇದರಿಂದಲೇ.

ಒಂದು ತಕರಾರು. ರಕ್ತದಲ್ಲಿ ಅಮೋನಿಯಾ ಇಷ್ಟಿದ್ದರೆ ಮಂಕು ಅಷ್ಟು ಎಂಬ ಲೆಕ್ಕ ಕೂಡುವುದಿಲ್ಲ. ಸೋಂಕು, ಉರಿಯೂತಗಳೂ ಕೈ ಸೇರಿಸುತ್ತವೆ. ಅಂಕಿ ಪೂರ್ತಿ ನಾರ್ಮಲ್ ಬಂದರೆ ಮಾತ್ರ ಬೇರೆ ಕಾರಣ ಹುಡುಕುತ್ತೇವೆ.

ಮಂಜುಳಾ (ನರ್ಸ್):
ನಾವು ವಾರ್ಡಿನಲ್ಲಿ ‘ಫ್ಲ್ಯಾಪ್ ಇದೆ’ ಅಂತಲೇ ಹೇಳುವುದು. ಮನೆಯವರಿಗಾದರೆ ‘ಕೈ ನಿಲ್ತಾ ಇಲ್ಲ ನೋಡಿ’ ಎನ್ನುತ್ತೇನೆ, ಅರ್ಥವಾಗುತ್ತದೆ. ‘ಭ್ರಮೆ’ ಬೇಡ ರಾಯರೇ. ಇಲ್ಲದ್ದು ಕಾಣುವುದಕ್ಕೆ ಆ ಮಾತು ಬೇಕು. ಇವರಲ್ಲಿ ಹೆಚ್ಚಿನವರು ಏನನ್ನೂ ಕಾಣುವುದಿಲ್ಲ, ಮಂಕಾಗಿರುತ್ತಾರೆ. ‘ಮಂಕು ಕವಿದಿದೆ’ ಸಾಕಲ್ಲ? ಡಾಕ್ಟ್ರೇ, ಆ ರೋಗಿ ಏನಾದರು?

ಡಾ. ಸುರೇಶ್:
ನಾಲ್ಕು ದಿನದಿಂದ ಮಲಬದ್ಧತೆ ಇತ್ತು. ಅದೇ ಕಿಡಿ. ಲ್ಯಾಕ್ಟುಲೋಸ್ ಎಂಬ ಮಲ ಸಡಿಲಿಸುವ ಔಷಧಿ ಕೊಟ್ಟೆವು, ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೋಗುವಷ್ಟು. ಅದು ದೊಡ್ಡ ಕರುಳನ್ನು ಹುಳಿಯಾಗಿಸಿ ಅಮೋನಿಯಾವನ್ನು ಅಲ್ಲೇ ಹಿಡಿದು ಹೊರಗೆ ತಳ್ಳುತ್ತದೆ. ಮೂರನೆಯ ದಿನ ಕೈ ನಿಂತಿತು, ಸಹಿ ಗೆರೆಯ ಮೇಲೆ ಬಂತು. ಮನೆಗೆ ಹೋದ ಮೇಲೆ ಬೇಗ ಗುಣವಾಗಲಿ ಎಂದು ಡೋಸ್ ದುಪ್ಪಟ್ಟು ಮಾಡಿದ್ದಾರೆ. ಎಂಟು ಸಲ ಭೇದಿ, ಮೈಯಲ್ಲಿ ನೀರಿಲ್ಲ, ಮತ್ತೆ ಅದೇ ಮಂಕು. ಕೈಪಿಡಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ ವಸುಧಾ.

ರಾಮರಾಯ:
ನಕ್ಷತ್ರ ಹಿಂದೆಗೆದುಕೊಂಡೆ. ಆದರೆ ‘ಕೈ ತೂಕಡಿಕೆ’ಗೆ ನನ್ನ ಒಪ್ಪಿಗೆ ಇಲ್ಲ. ರೋಗಿಗೆ ಮೊದಲೇ ನಿದ್ದೆಗಣ್ಣು. ನಿದ್ದೆ ಬಂದು ಕೈ ಜೋಲುತ್ತಿದೆ ಎಂದು ಮನೆಯವರು ಸುಮ್ಮನಾದರೆ?

ಡಾ. ಸುರೇಶ್:
ರಾಯರ ಮಾತು ಯೋಚಿಸಬೇಕಾದದ್ದೇ. ಇನ್ನೊಂದು ತೊಡಕು: ಪಾದದಲ್ಲೂ, ಹೊರಚಾಚಿದ ನಾಲಿಗೆಯಲ್ಲೂ ಇದು ಕಾಣುತ್ತದೆ, ‘ಕೈ’ ಎಂದರೆ ಅವು ಬಿಟ್ಟುಹೋಗುತ್ತವೆ. ಕಿಡ್ನಿ ಸೋತಾಗ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗಲೂ ಬರುತ್ತದೆ. ಹಾಗಾಗಿ ಪದದೊಳಗೆ ಲಿವರನ್ನು ತರಬೇಡಿ. ಮಂಕು ತೀರಾ ಆಳವಾಗಿ ಎಚ್ಚರ ತಪ್ಪಿದವರು ಕೈ ಎತ್ತಿ ಹಿಡಿಯಲಾರರು, ಆಗ ಇದು ಕಾಣುವುದೂ ಇಲ್ಲ. ಕೈ ಬೀಳುವುದು ನಿಂತಿತು, ಗುಣವಾಯಿತು ಎಂದುಕೊಳ್ಳುವ ಅಪಾಯ ಇಲ್ಲೇ.

ವಸುಧಾ:
ಸದ್ಯಕ್ಕೆ ‘ಮಂಕು’ ಇಟ್ಟುಕೊಂಡೆ. ಇನ್ನೊಂದಕ್ಕೆ ಮಂಜುಳಾ ಅವರ ಮಾತನ್ನೇ ಬಳಸಿ ‘ಚಾಚಿದ ಕೈ ನಿಲ್ಲದೆ ಬಿದ್ದು ಏಳುವುದು’ ಎಂದು ಬರೆದೆ. ಆದರೆ ಕೊನೆಯ ಪದಪಟ್ಟಿಗೆ ಒಂದೇ ಪದ ಬೇಕಲ್ಲ. ‘ನಿಲುವುತಪ್ಪು’ ಹೇಗೆ? ಓದಿದಾಗ ‘ತಪ್ಪು’ ಯಾರದೋ ಎಂದು ಕೇಳಿಸುತ್ತದಾ?