ಸಹಾಯ ಬೇಕು: ತಿಂಗಳ ಮೊದಲಿಗೆ ಕಟ್ಟಿದರೆ 11,502 ರೂಪಾಯಿ ಜಾಸ್ತಿ ಹೇಗೆ?

ತಿಂಗಳಿಗೆ 5,000 ರೂಪಾಯಿಯಂತೆ 10 ವರ್ಷ ಕಟ್ಟುವ ಲೆಕ್ಕ ಹಾಕುತ್ತಿದ್ದೇನೆ. ಬಡ್ಡಿ ತಿಂಗಳಿಗೆ 1% ಅಂತ ಸುಮ್ನೆ ಇಟ್ಟುಕೊಂಡೆ. ಎಕ್ಸೆಲ್‌ನಲ್ಲಿ ಹೀಗೆ ಹಾಕಿದೆ:

```
=FV(1%,120,-5000,0,0)
=FV(1%,120,-5000,0,1)
```

ಮೊದಲನೆಯದು ತಿಂಗಳ ಕೊನೆಗೆ ಕಟ್ಟುವ ಲೆಕ್ಕ: 11,50,193 ರೂಪಾಯಿ. ಎರಡನೆಯದು ತಿಂಗಳ ಮೊದಲಿಗೆ: 11,61,695. ಪ್ರತಿ ಕಂತಿಗೂ ಒಂದು ತಿಂಗಳ ಬಡ್ಡಿ ಹೆಚ್ಚು ಸಿಗುತ್ತದೆ, ಹಾಗಾಗಿ ಮೊತ್ತ ಸರಿಯಾಗಿ 1.01 ಪಟ್ಟು. ಇಷ್ಟು ಅರ್ಥವಾಯಿತು.

ಗೊಂದಲ ಬೇರೆ. ನನಗೆ ಸಂಬಳ ಬರುವುದು 30ಕ್ಕೆ. (ಬಂದರೆ!) ಅವತ್ತೇ ಕಟ್ಟಿದರೂ 1ನೇ ತಾರೀಖು ಕಟ್ಟಿದರೂ ಒಂದೆರಡು ದಿನದ ವ್ಯತ್ಯಾಸ ಅಷ್ಟೇ ಅಲ್ವಾ? ಅಂದರೆ ಈ 11,502 ಬರುವುದು ತಾರೀಖಿನಿಂದಲ್ಲ, ಕೊನೆಯ ಕಂತು ಕಟ್ಟಿದ ಮೇಲೂ ಇಡೀ ದುಡ್ಡನ್ನು ಇನ್ನೊಂದು ತಿಂಗಳು ಮುಟ್ಟದೆ ಬಿಡುವುದರಿಂದ. ನಾನು ಅಂದುಕೊಂಡದ್ದು ಸರಿನಾ? ಗೊತ್ತಿದ್ದವರು ದಯವಿಟ್ಟು ಹೇಳಿ.