ಎಕ್ಸ್‌ರೇ ರಿಪೋರ್ಟಿನ "ಬ್ಲಂಟಿಂಗ್": ಮೂಲೆ ಮೊಂಡಾಗಿದೆ ಅಂದ್ರೆ ಏನರ್ಥ?

ಮಲ್ಲೇಶ್ವರದಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮನ ಮಗನಿಗೆ 26 ವರ್ಷ, ಇಲ್ಲೇ ಪೀಣ್ಯದಲ್ಲಿ ಕೆಲಸ. ಕೆಲವು ವಾರಗಳಿಂದ ಸಂಜೆ ಹೊತ್ತು ಸಣ್ಣ ಜ್ವರ, ಜೋರಾಗಿ ಉಸಿರೆಳೆದರೆ ಬಲಪಕ್ಕೆಯಲ್ಲಿ ಚುಚ್ಚುವ ನೋವು. ಎದೆಯ ಎಕ್ಸ್‌ರೇ ತೆಗೆಸಿದೆವು. ರಿಪೋರ್ಟಿನಲ್ಲಿ "ಬ್ಲಂಟಿಂಗ್ ಆಫ್ ರೈಟ್ ಕಾಸ್ಟೋಫ್ರೆನಿಕ್ ಆ್ಯಂಗಲ್" ಅಂತ ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ "ಮಿನಿಮಲ್ ಪ್ಲೂರಲ್ ಎಫ್ಯೂಷನ್" ಅಂದಿದ್ದಾರೆ. ತುಮಕೂರಿನಿಂದ ಚಿಕ್ಕಮ್ಮ ಫೋನ್ ಮಾಡಿ "ಲಂಗ್ಸ್‌ನಲ್ಲಿ ನೀರು ಅಂತೆ, ಏನೇ ಹಾಗಂದ್ರೆ?" ಅಂತ ಕೇಳುತ್ತಿದ್ದಾರೆ. ಅವರಿಗೆ ಸರಿಯಾಗಿ ಕನ್ನಡದಲ್ಲಿ ಹೇಳಬೇಕು. ಯಾವ ಕೋನ ಅದು, ಯಾಕೆ ಮೊಂಡಾಗುತ್ತೆ?

ಬಸವನಗುಡಿಯಿಂದ:
ತಾಯಿ, ನಾನು ನಿವೃತ್ತ ಕನ್ನಡ ಮೇಷ್ಟ್ರು. ಬ್ಲಂಟ್ ಅಂದರೆ ಮೊಂಡು, ಅದರಲ್ಲಿ ಅನುಮಾನ ಬೇಡ. ಕುಡುಗೋಲಿನ ಮೊನೆ ಸವೆದು ಮೊಂಡಾಗುವ ಹಾಗೆ ಶ್ವಾಸಕೋಶದ ಕೆಳತುದಿ ಸವೆದಿದೆ ಅಂತ ಅರ್ಥ. "ಮಿನಿಮಲ್" ಅಂದಿದ್ದಾರಲ್ಲ, ಹಾಗಾದರೆ ಒಂದೆರಡು ಚಮಚ ನೀರು ಇರಬಹುದು ಅಷ್ಟೆ. ಧೈರ್ಯವಾಗಿರಿ.

ಜಯನಗರದಿಂದ:
ಮೇಷ್ಟ್ರೇ, ಪದ ನೀವು ಹೇಳಿದ್ದು ಸರಿ, ಅರ್ಥ ಸ್ವಲ್ಪ ಬೇರೆ. ನಾನು ಎಕ್ಸ್‌ರೇ ಓದುವ ವೈದ್ಯೆ, ದಿನಾ ಈ ಸಾಲು ಬರೆಯುತ್ತೇನೆ.

ಇಲ್ಲಿ ಶ್ವಾಸಕೋಶ ಸವೆದಿಲ್ಲ. ಎದೆಗೂ ಹೊಟ್ಟೆಗೂ ನಡುವೆ ವಪೆ ಅಂತ ಸ್ನಾಯುವಿನ ಪರದೆ ಇದೆ. ಅದು ಎರಡೂ ಬದಿಯಲ್ಲಿ ಕೆಳಗಿಳಿದು ಪಕ್ಕೆಲುಬಿನ ಗೋಡೆಗೆ ಸೇರುವ ಕಡೆ ಒಂದು ಚೂಪಾದ ಮೂಲೆ ಆಗುತ್ತೆ. ಗಾಳಿ ತುಂಬಿದ ಶ್ವಾಸಕೋಶ ಆ ಮೂಲೆಯೊಳಕ್ಕೆ ಇಳಿದಿರುವುದರಿಂದ ಫಿಲ್ಮಿನಲ್ಲಿ ಅದು ಕಪ್ಪಗೆ, ಚೂಪಾಗಿ ಕಾಣುತ್ತೆ. ಶ್ವಾಸಕೋಶದ ಸುತ್ತ ಎರಡು ತೆಳು ಪೊರೆಗಳಿವೆ. ಅವುಗಳ ನಡುವೆ ಯಾವಾಗಲೂ ತೇವ ಇರುತ್ತೆ, ಅದು ತೀರಾ ಸ್ವಲ್ಪ. ಯಾವುದೋ ಕಾರಣಕ್ಕೆ ಅಲ್ಲಿ ನೀರು ಜಾಸ್ತಿ ಸೇರಿದರೆ, ನಿಂತಿರುವ ಮನುಷ್ಯನಲ್ಲಿ ಅದು ಭಾರಕ್ಕೆ ಕೆಳಗಿಳಿದು ಮೊದಲು ಈ ಮೂಲೆಗೇ ಬಂದು ಕೂರುತ್ತೆ. ಕಪ್ಪಗಿದ್ದ ಚೂಪು ಜಾಗ ಬೆಳ್ಳಗಾಗಿ, ದುಂಡಗೆ ತಿರುಗುತ್ತೆ. ಅದನ್ನೇ ನಾವು ಮೊಂಡಾಗಿದೆ ಅನ್ನುವುದು. ಹಾಗಾಗಿ ನೀರು "ಲಂಗ್ಸ್ ಒಳಗೆ" ಇಲ್ಲ, ಹೊರಗೆ, ಪೊರೆಗಳ ನಡುವೆ ಇದೆ. ಚಿಕ್ಕಮ್ಮನಿಗೆ ಇದನ್ನ ಮೊದಲು ಹೇಳಿ.

ಒಂದೆರಡು ಚಮಚ ಅಂತೂ ಅಲ್ಲ. ನಿಂತು ತೆಗೆದ, ಎದುರುಗಡೆಯ ಫಿಲ್ಮಿನಲ್ಲಿ ಈ ಮೂಲೆ ಮೊಂಡಾಗಿ ಕಾಣಬೇಕಾದರೆ ಸುಮಾರು 200 ಮಿಲಿ ಲೀಟರ್ ಸೇರಿರಬೇಕು. ಪಕ್ಕದಿಂದ ತೆಗೆದ ಫಿಲ್ಮಿನಲ್ಲಿ ಹಿಂದಿನ ಮೂಲೆ ಇನ್ನೂ ಕೆಳಗಿರುವುದರಿಂದ ಸುಮಾರು 50 ಮಿಲಿ ಇದ್ದರೂ ಗೊತ್ತಾಗುತ್ತೆ. ಮಲಗಿಸಿ ತೆಗೆದರೆ ನೀರು ಬೆನ್ನಿನ ಉದ್ದಕ್ಕೂ ಹರಡಿಕೊಂಡು, ಜಾಸ್ತಿ ಇದ್ದರೂ ಬರೀ ಮಸುಕಾಗಿ ಕಂಡು ತಪ್ಪಿಹೋಗಬಹುದು. ಐಸಿಯುನಲ್ಲಿ ಹೀಗಾಗುವುದು ಸಾಮಾನ್ಯ.

ಕೋರಮಂಗಲದಿಂದ:
ಹಾಗಾದ್ರೆ "ಮೂಲೆಯಲ್ಲಿ ನೀರು ತುಂಬಿದೆ" ಅಂತಲೇ ಅನುವಾದ ಮಾಡಬಹುದಲ್ವಾ? ಮೊಂಡು ಗಿಂಡು ಯಾಕೆ?

ಜಯನಗರದಿಂದ:
ಬೇಡ ಸರ್. ನೀರಿಲ್ಲದೆಯೂ ಆ ಮೂಲೆ ಮೊಂಡಾಗುತ್ತೆ. ಹಿಂದೆ ಯಾವಾಗಲೋ ಪೊರೆಗೆ ಸೋಂಕಾಗಿ ವಾಸಿಯಾಗಿದ್ದರೆ ಅದು ದಪ್ಪಗಾಗಿ ಅಲ್ಲೇ ಅಂಟಿಕೊಂಡಿರುತ್ತೆ. ತುಂಬಾ ವರ್ಷ ಬೀಡಿ ಸೇದಿದವರಲ್ಲಿ ಶ್ವಾಸಕೋಶ ಉಬ್ಬಿ, ವಪೆ ಚಪ್ಪಟೆಯಾಗಿ, ಮೂಲೆಯ ಚೂಪು ಹೋಗಿರುತ್ತೆ. ನಾನು ನೋಡುವುದು ನೆರಳು ಮಾತ್ರ. ಅದಕ್ಕೇ ರಿಪೋರ್ಟಿನಲ್ಲಿ ಕಂಡಿದ್ದನ್ನ ಮೊದಲು ಬರೆದು, ನೀರು ಅನ್ನುವುದಕ್ಕೆ ಪ್ರಶ್ನಾರ್ಥಕ ಹಾಕುವುದು. ಹಳೆಯ ಫಿಲ್ಮಿನಲ್ಲೂ ಹಾಗೇ ಇದ್ದರೆ ಅದು ಬರೀ ಕಲೆ ಇರಬಹುದು. ಇಲ್ಲದಿದ್ದರೆ ಎದೆಗೆ ಅಲ್ಟ್ರಾಸೌಂಡ್ ಮಾಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತೆ.

ಯಲಹಂಕದಿಂದ:
ನಮ್ಮ ತಂದೆಗೂ ಇದೇ ಆಗಿತ್ತು! ಎರಡೂ ಕಡೆ ನೀರು, ಕಾಲು ಊದಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಮೂತ್ರ ಹೋಗುವ ಮಾತ್ರೆ ಕೊಟ್ಟರು, ಚುಚ್ಚಿ ನೀರು ತೆಗೆಯಲೇ ಇಲ್ಲ, ಇಳಿದುಹೋಯಿತು. ಮೇಡಂ, ನಿಮ್ಮ ತಮ್ಮನಿಗೂ ಅದೇ ಮಾತ್ರೆ ಕೇಳಿ, ಸುಮ್ನೆ ಸೂಜಿ ಹಾಕಿಸಬೇಡಿ.

ಜಯನಗರದಿಂದ:
ದಯವಿಟ್ಟು ಆ ಮಾತ್ರೆ ಬೇಡ. ನಿಮ್ಮ ತಂದೆಯವರದ್ದು ಹೃದಯದ ತೊಂದರೆ ಇರಬೇಕು. ಅಲ್ಲಿ ಪೊರೆ ಚೆನ್ನಾಗಿಯೇ ಇರುತ್ತೆ, ರಕ್ತನಾಳದ ಒತ್ತಡ ಜಾಸ್ತಿಯಾಗಿ ತಿಳಿನೀರು ಒಸರುತ್ತೆ. ಸಾಮಾನ್ಯವಾಗಿ ಎರಡೂ ಕಡೆ ಇರುತ್ತೆ. ಈ ಹುಡುಗನಿಗೆ ಒಂದೇ ಕಡೆ ಇದೆ, ಜ್ವರ ಇದೆ, ಉಸಿರೆಳೆದರೆ ನೋವಿದೆ. ಪೊರೆಗೇ ಉರಿಯೂತ ಆಗಿರುವ ಲಕ್ಷಣ ಇದು. ಇಂಥ ಕಡೆ ನೀರಿನ ಮಾದರಿ ತೆಗೆದು ನೋಡಲೇಬೇಕು.

ಮಲ್ಲೇಶ್ವರದಿಂದ:
ಅಲ್ಟ್ರಾಸೌಂಡ್ ಆಯಿತು, ನೀರೇ ಅಂದರು. ಬೆನ್ನಿನ ಕಡೆಯಿಂದ ಸೂಜಿಯಲ್ಲಿ ಸ್ವಲ್ಪ ತೆಗೆದರು, ಹುಲ್ಲಿನ ಬಣ್ಣಕ್ಕಿತ್ತು. ಫಲಿತಾಂಶ ಬಂದಿದೆ. ನೀರಿನಲ್ಲಿ ಪ್ರೋಟೀನ್ 5.2, ರಕ್ತದಲ್ಲಿ 7.4. ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣ 85 ಪರ್ಸೆಂಟ್. ಎಡಿಎ ಅನ್ನೋ ಕಿಣ್ವ 68. ಟಿಬಿ ಕ್ರಿಮಿ ಕಾಣಲಿಲ್ಲ ಅಂತ ಬರೆದಿದ್ದಾರೆ. ಕ್ರಿಮಿ ಇಲ್ಲ ಅಂದಮೇಲೆ ಟಿಬಿ ಅಲ್ಲ ಅಂತ ಚಿಕ್ಕಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದಾರೆ. ಆದರೆ ಡಾಕ್ಟರ್ ಟಿಬಿ ಮಾತ್ರೆ ಶುರು ಮಾಡೋಣ ಅನ್ನುತ್ತಿದ್ದಾರೆ!

ಜಯನಗರದಿಂದ:
ಚಿಕ್ಕಮ್ಮನಿಗೆ ನಿಧಾನವಾಗಿ ಹೇಳಿ. ಮೊದಲು ಪ್ರೋಟೀನ್ ನೋಡಿ. 5.2ನ್ನು 7.4ರಿಂದ ಭಾಗಿಸಿದರೆ ಸುಮಾರು 0.7. ಇದು 0.5ಕ್ಕಿಂತ ಜಾಸ್ತಿ ಇದ್ದರೆ ಒತ್ತಡಕ್ಕೆ ಒಸರಿದ ನೀರಲ್ಲ, ಉರಿಯೂತ ಆದ ಪೊರೆಯಿಂದ ಬಂದಿದ್ದು ಅಂತ ತಿಳಿಯುತ್ತೇವೆ. 1972ರಲ್ಲಿ ರಿಚರ್ಡ್ ಲೈಟ್ ಮತ್ತು ಜೊತೆಯವರು ಕೊಟ್ಟ ಅಳತೆಗಳಲ್ಲಿ ಇದೊಂದು, ಇವತ್ತಿಗೂ ಅದನ್ನೇ ಬಳಸುತ್ತೇವೆ.

ಇನ್ನು ಕ್ರಿಮಿಯ ವಿಚಾರ. ಪೊರೆಯ ಟಿಬಿಯಲ್ಲಿ ನೀರು ಸೇರುವುದು ಬಹುಪಾಲು ದೇಹ ಕ್ರಿಮಿಯ ವಿರುದ್ಧ ತಿರುಗಿ ಬೀಳುವುದರಿಂದ. ನೀರಿನಲ್ಲಿ ಕ್ರಿಮಿಗಳು ಬಹಳ ಕಡಿಮೆ, ಹಾಗಾಗಿ ಗಾಜಿನ ಮೇಲೆ ಹಚ್ಚಿ ನೋಡಿದರೆ ಹೆಚ್ಚಿನವರಲ್ಲಿ ಸಿಗುವುದೇ ಇಲ್ಲ. ಕ್ರಿಮಿಯ ಡಿಎನ್‌ಎ ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಕೂಡ ಇಲ್ಲಿ ಎಷ್ಟೋ ಸಲ ತಪ್ಪಿಸುತ್ತೆ. ಎಡಿಎ 40ಕ್ಕಿಂತ ಜಾಸ್ತಿ, ಅದರ ಜೊತೆ ಲಿಂಫೋಸೈಟ್ ಜಾಸ್ತಿ, ಅದೂ ಈ ವಯಸ್ಸಿನಲ್ಲಿ, ನಮ್ಮ ದೇಶದಲ್ಲಿ ಅಂದರೆ ಟಿಬಿ ಮೇಲೇ ಮೊದಲ ಅನುಮಾನ. ಕೀವಾದಾಗಲೂ ಎಡಿಎ ಏರುತ್ತೆ, ಆದರೆ ಆಗ ಬೇರೆ ಕಣ, ನ್ಯೂಟ್ರೋಫಿಲ್ ಜಾಸ್ತಿ ಇರುತ್ತೆ. ಲಿಂಫೋಮಾ ಅನ್ನುವ ಕ್ಯಾನ್ಸರಿನಲ್ಲೂ ಏರಬಹುದು. ಅದಕ್ಕೇ ಇದು ನೂರಕ್ಕೆ ನೂರು ಅಲ್ಲ. ಔಷಧಿ ಕೊಟ್ಟರೂ ಜ್ವರ ಇಳಿಯದಿದ್ದರೆ, ತೂಕ ಏರದಿದ್ದರೆ, ಪೊರೆಯ ತುಣುಕು ತೆಗೆದು ನೋಡಬೇಕಾಗುತ್ತೆ. ಕಫ ಪರೀಕ್ಷೆ ಆಗಿದೆಯಾ? ಶ್ವಾಸಕೋಶದಲ್ಲೂ ಇದ್ದರೆ ಮನೆಯವರಿಗೆ ಹರಡುವ ಭಯ ಇರುತ್ತೆ.

ಬಸವನಗುಡಿಯಿಂದ:
ಡಾಕ್ಟರಮ್ಮ, ವಿವರವಾಗಿ ಹೇಳಿದಿರಿ. ಆದರೂ "ಮೊಂಡು" ಅನ್ನುವುದು ಜನರಿಗೆ ಸವೆತವನ್ನೇ ನೆನಪಿಸುತ್ತೆ. "ಮೂಲೆಯ ಚೂಪು ಮರೆಯಾಗಿದೆ" ಅಂದರೆ ಹೇಗೆ? ನೀರಿಗೂ ಕಲೆಗೂ ಎರಡಕ್ಕೂ ಹೊಂದುತ್ತೆ.

ಕೋರಮಂಗಲದಿಂದ:
ನನಗೆ ಮೊಂಡೇ ಇಷ್ಟ. ಉದ್ದ ಮಾಡಬೇಡಿ ಸರ್.

ಮಲ್ಲೇಶ್ವರದಿಂದ:
ಕಫ ಕೊಟ್ಟಿದ್ದೇವೆ, ಇನ್ನೂ ಬಂದಿಲ್ಲ. ಆರು ತಿಂಗಳ ಔಷಧಿ ಮುಗಿದಮೇಲೆ ಆ ಮೂಲೆ ಮತ್ತೆ ಮೊದಲಿನಂತೆ ಆಗುತ್ತಾ ಮೇಡಂ?

ಜಯನಗರದಿಂದ:
ಕೆಲವರಲ್ಲಿ ಪೂರ್ತಿ ಚೂಪಾಗುತ್ತೆ. ಕೆಲವರಲ್ಲಿ ಪೊರೆ ದಪ್ಪಗಾಗಿ ಹಾಗೇ ಉಳಿಯುತ್ತೆ, ಅದು ಕಾಯಿಲೆ ಇನ್ನೂ ಇದೆ ಅಂತಲ್ಲ. ಇವನಿಗೆ ಹೇಗಾಗುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ. ಚಿಕಿತ್ಸೆ ಮುಗಿದಾಗ ಒಂದು ಎಕ್ಸ್‌ರೇ ತೆಗೆಸಿ, ಈಗಿನದ್ದರ ಜೊತೆ ಇಟ್ಟುಕೊಳ್ಳಿ. ಇನ್ನು ಹತ್ತು ವರ್ಷಕ್ಕೆ ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆದಾಗ ನನ್ನಂಥವರು ಮತ್ತೆ "ಬ್ಲಂಟಿಂಗ್" ಅಂತ ಬರೆದರೆ, ಆ ಎರಡು ಫಿಲ್ಮ್ ತೋರಿಸಿದರೆ ಮತ್ತೆ ಸೂಜಿ ಹಾಕುವುದು ತಪ್ಪಬಹುದು.